ಪೈರುವೇಟಿನ ಕವಲುದಾರಿ: ಹಳೆಯ ಪ್ರಶ್ನೆಪತ್ರಿಕೆಯ ಕೆಲವು ನೆನಪುಗಳು

ನಮ್ಮ ಕಾಲದ ಜೀವರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆಗಳಲ್ಲಿ ವಿಟಮಿನ್‌ಗಳಿಂದ ಆಗುವ ಸಹಕಿಣ್ವಗಳ ಪ್ರಶ್ನೆ ಸುತ್ತಿ ಸುತ್ತಿ ಪೈರುವೇಟಿನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಅದಕ್ಕೆ ಕಾರಣವಿದೆ. ಗ್ಲೂಕೋಸ್ ಒಡೆದು ಬಂದ ಈ ಮೂರು ಕಾರ್ಬನ್ನಿನ ಅಣು ಅಸಿಟೈಲ್ ಕೋಎ ಆಗಬೇಕಾದರೆ ಥಯಾಮಿನ್ ಪೈರೋಫಾಸ್ಫೇಟ್, ಅಂದರೆ ಟಿಪಿಪಿ, ಬೇಕು, ಆಕ್ಸಾಲೋಅಸಿಟೇಟ್ ಆಗಬೇಕಾದರೆ ಬಯೋಟಿನ್ ಬೇಕು, ಲ್ಯಾಕ್ಟೇಟ್ ಆಗಬೇಕಾದರೆ ನಿಯಾಸಿನ್‌ನಿಂದ ಆಗುವ ಎನ್‌ಎಡಿಎಚ್ ಬೇಕು. ಒಂದೇ ಅಣುವಿನ ಮುಂದೆ ಮೂರು ದಾರಿ, ಪ್ರತಿ ದಾರಿಗೂ ಬೇರೆ ವಿಟಮಿನ್. ಪಟ್ಟಿ ಬಾಯಿಪಾಠ ಮಾಡಿದವರೂ ಎಡವುತ್ತಿದ್ದ ಐದು ಪ್ರಶ್ನೆಗಳನ್ನು ಉತ್ತರದ ಸಮೇತ ಇಲ್ಲಿ ಬರೆದಿದ್ದೇನೆ. ಮಾತುಗಳು ನನ್ನವು, ಪ್ರಶ್ನೆಗಳ ಧಾಟಿ ಹಳೆಯದು.

ಪೈರುವೇಟಿನಿಂದ ಕಾರ್ಬನ್ ಡೈಆಕ್ಸೈಡ್ ತೆಗೆಯಲು ಥಯಾಮಿನ್ ಪೈರೋಫಾಸ್ಫೇಟ್ ಬೇಕು. ಅಸಿಟೋಅಸಿಟೇಟ್ ಅದಿಲ್ಲದೆ ತಾನಾಗಿಯೇ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಏಕೆ?

ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುವಾಗ ತನ್ನನ್ನು ಕಟ್ಟಿದ್ದ ಬಂಧದ ಎರಡು ಎಲೆಕ್ಟ್ರಾನ್‌ಗಳನ್ನು ಹಿಂದೆ ಬಿಟ್ಟು ಹೋಗುತ್ತದೆ. ಅವು ಎಲ್ಲಿ ಕೂರಬೇಕು ಎಂಬುದೇ ಇಡೀ ಪ್ರಶ್ನೆ. ಅಸಿಟೋಅಸಿಟೇಟಿನಲ್ಲಿ ಕೀಟೋ ಗುಂಪು ಕಾರ್ಬಾಕ್ಸಿಲ್‌ನಿಂದ ಒಂದು ಕಾರ್ಬನ್ ಆಚೆಗೆ, ಅಂದರೆ ಬೀಟಾ ಸ್ಥಾನದಲ್ಲಿದೆ. ಎಲೆಕ್ಟ್ರಾನ್‌ಗಳು ಪಕ್ಕಕ್ಕೆ ಸರಿದು ಆ ಆಕ್ಸಿಜನ್ ಮೇಲೆ ನೆಮ್ಮದಿಯಾಗಿ ಕೂರುತ್ತವೆ. ಪೈರುವೇಟಿನಲ್ಲಿ ಕೀಟೋ ಗುಂಪು ಕಾರ್ಬಾಕ್ಸಿಲ್‌ಗೆ ತಾಗಿಕೊಂಡೇ, ಆಲ್ಫಾ ಸ್ಥಾನದಲ್ಲಿದೆ. ಅಲ್ಲಿ ಆ ಎಲೆಕ್ಟ್ರಾನ್‌ಗಳಿಗೆ ಜಾಗವಿಲ್ಲ.

ಆ ಜಾಗವನ್ನು ಒದಗಿಸುವುದೇ ಥಯಾಮಿನ್‌ನ ಕೆಲಸ. ಅದರ ಥಯಾಜೋಲಿಯಂ ಉಂಗುರದಲ್ಲಿ ಧನ ವಿದ್ಯುದಂಶವಿರುವ ನೈಟ್ರೋಜನ್‌ಗೂ ಗಂಧಕಕ್ಕೂ ನಡುವೆ ಎರಡನೆಯ ಕಾರ್ಬನ್ ಇದೆ. ಅದರ ಹೈಡ್ರೋಜನ್ ಪ್ರೋಟಾನ್ ಆಗಿ ಕಳಚಿಕೊಂಡರೆ ಉಳಿಯುವ ಋಣ ಕಾರ್ಬನ್ ಪೈರುವೇಟಿನ ಕೀಟೋ ಕಾರ್ಬನ್ನಿಗೆ ಹೋಗಿ ಅಂಟುತ್ತದೆ. ಈಗ ಕಾರ್ಬನ್ ಡೈಆಕ್ಸೈಡ್ ಹೊರಟರೆ ಎಲೆಕ್ಟ್ರಾನ್‌ಗಳು ಉಂಗುರದೊಳಕ್ಕೆ ಹರಿದು ಆ ನೈಟ್ರೋಜನ್ ತನಕ ಹೋಗಬಲ್ಲವು. ಉಳಿಯುವುದು ಹೈಡ್ರಾಕ್ಸಿಎಥಿಲ್ ಟಿಪಿಪಿ. ಆ ಎರಡನೆಯ ಕಾರ್ಬನ್ನೇ ಕೆಲಸಗಾರ ಎಂದು ರೊನಾಲ್ಡ್ ಬ್ರೆಸ್ಲೋ ತೋರಿಸಿದ್ದು 1950ರ ದಶಕದ ಕೊನೆಯಲ್ಲಿ.

ಇಲ್ಲಿ ಅಂಕ ಹೋಗುವುದು ಚಿತ್ರದಲ್ಲಿ. ಬಾಣವನ್ನು ಪಿರಿಮಿಡೀನ್ ಉಂಗುರದಿಂದಲೋ ಎರಡು ಫಾಸ್ಫೇಟ್‌ಗಳಿಂದಲೋ ಹೊರಡಿಸುತ್ತಾರೆ. ಫಾಸ್ಫೇಟ್‌ಗಳು ಮೆಗ್ನೀಸಿಯಂ ಅಯಾನಿನ ಮೂಲಕ ಸಹಕಿಣ್ವವನ್ನು ಕಿಣ್ವಕ್ಕೆ ಬಿಗಿಯುವ ಹಗ್ಗ ಮಾತ್ರ. ಇನ್ನೊಂದು ತಪ್ಪು, ಕಾರ್ಬನ್ ಡೈಆಕ್ಸೈಡ್ ಹೊರಬರುವ ಕಡೆಯಲ್ಲೆಲ್ಲ ಥಯಾಮಿನ್ ಬರೆಯುವುದು. ಸಿಟ್ರಿಕ್ ಆಮ್ಲ ಚಕ್ರದಲ್ಲೇ ಇದಕ್ಕೆ ಪರೀಕ್ಷೆಯಿದೆ. ಐಸೋಸಿಟ್ರೇಟ್ ಡಿಹೈಡ್ರೋಜಿನೇಸ್‌ಗೆ ಥಯಾಮಿನ್ ಬೇಡ, ಏಕೆಂದರೆ ನಡುವೆ ಬೀಟಾ ಕೀಟೋ ಆಮ್ಲವೊಂದು ಹುಟ್ಟುತ್ತದೆ. ಅದರ ಮುಂದಿನ ಹೆಜ್ಜೆಯಾದ ಆಲ್ಫಾ ಕೀಟೋಗ್ಲುಟರೇಟ್ ಡಿಹೈಡ್ರೋಜಿನೇಸ್‌ಗೆ ಬೇಕೇ ಬೇಕು. ಸ್ಥಾನ ನೋಡಿ ಉತ್ತರ ಹೇಳಬಹುದು, ಪಟ್ಟಿ ಬೇಕಿಲ್ಲ.

ಹಲವು ವಾರ ಸರಿಯಾಗಿ ಉಣ್ಣದ, ಕುಡಿತದ ಚಟವಿರುವ ರೋಗಿಗೆ ಥಯಾಮಿನ್ ಕೊಡದೆ ಗ್ಲೂಕೋಸ್ ಮಾತ್ರ ಹಾಕಿದರು. ಗೊಂದಲ, ಕಣ್ಣಿನ ಚಲನೆಯ ತೊಂದರೆ, ತೂರಾಟ ಹೆಚ್ಚಾಯಿತು, ರಕ್ತದಲ್ಲಿ ಲ್ಯಾಕ್ಟೇಟ್ ಏರಿತು. ವಿವರಿಸಿ. ಕೊರತೆಯನ್ನು ಕೆಂಪು ರಕ್ತಕಣಗಳಲ್ಲಿ ಹೇಗೆ ಪತ್ತೆ ಹಚ್ಚುವಿರಿ?

ದೇಹದ ಥಯಾಮಿನ್ ದಾಸ್ತಾನು ಸುಮಾರು 30 ಮಿಲಿಗ್ರಾಂ ಮಾತ್ರ. ಊಟ ತಪ್ಪಿದರೆ ಎರಡು ಮೂರು ವಾರಕ್ಕೇ ಬರಿದಾಗುತ್ತ ಬರುತ್ತದೆ. ಮದ್ಯ ಕರುಳಿನಲ್ಲಿ ಅದರ ಹೀರಿಕೆಯನ್ನೂ ತಡೆಯುತ್ತದೆ. ಇಂಥ ಸ್ಥಿತಿಯಲ್ಲಿ ಗ್ಲೂಕೋಸ್ ಹಾಕಿದರೆ ಪೈರುವೇಟ್ ರಾಶಿ ಬೀಳುತ್ತದೆ, ಆದರೆ ಅದನ್ನು ಅಸಿಟೈಲ್ ಕೋಎ ಮಾಡುವ ಪೈರುವೇಟ್ ಡಿಹೈಡ್ರೋಜಿನೇಸ್‌ನ ಬಾಗಿಲು ಅರ್ಧ ಮುಚ್ಚಿದೆ. ರಾಶಿ ಲ್ಯಾಕ್ಟೇಟ್ ಕಡೆಗೆ ತಿರುಗುತ್ತದೆ. ಇದ್ದಬದ್ದ ಸಹಕಿಣ್ವವೂ ಈ ಹೊರೆಗೆ ಸಾಲದೆ ಹೋಗುತ್ತದೆ. ಮಿದುಳು ಹೆಚ್ಚಾಗಿ ಗ್ಲೂಕೋಸನ್ನೇ ನಂಬಿರುವುದರಿಂದ ಪೆಟ್ಟು ಮೊದಲು ಅಲ್ಲಿ ಕಾಣುತ್ತದೆ. ಇದು ವೆರ್ನಿಕೆ ರೋಗದ ಚಿತ್ರ. ಆದ್ದರಿಂದ ಥಯಾಮಿನ್ ಗ್ಲೂಕೋಸಿಗಿಂತ ಮೊದಲು ಅಥವಾ ಅದರ ಜೊತೆಗೇ ಹೋಗಬೇಕು. ಸಕ್ಕರೆ ಅಪಾಯಕರವಾಗಿ ಇಳಿದಿದ್ದರೆ ಥಯಾಮಿನ್‌ಗಾಗಿ ಗ್ಲೂಕೋಸ್ ತಡೆದು ಕೂರಬಾರದು ಎಂಬುದನ್ನೂ ಉತ್ತರದಲ್ಲಿ ಬರೆಯಿರಿ.

ಎರಡನೆಯ ಭಾಗದಲ್ಲಿ ಒಂದು ಗುಂಡಿ ಇದೆ. ಪೈರುವೇಟ್ ಡಿಹೈಡ್ರೋಜಿನೇಸ್ ಅಳೆಯುತ್ತೇನೆ ಎಂದು ಬರೆದವರಿಗೆ ಸೊನ್ನೆ. ಕೆಂಪು ರಕ್ತಕಣದಲ್ಲಿ ಮೈಟೋಕಾಂಡ್ರಿಯವೇ ಇಲ್ಲ. ಅಲ್ಲಿರುವ ಥಯಾಮಿನ್ ಕಿಣ್ವ ಪೆಂಟೋಸ್ ಫಾಸ್ಫೇಟ್ ಮಾರ್ಗದ ಟ್ರಾನ್ಸ್‌ಕೀಟೋಲೇಸ್. ಕಣಗಳನ್ನು ಒಡೆದು ಎರಡು ನಳಿಕೆಗೆ ಹಂಚಿ, ಒಂದಕ್ಕೆ ಟಿಪಿಪಿ ಸೇರಿಸಿ, ಎರಡರಲ್ಲೂ ಕಿಣ್ವದ ಚಟುವಟಿಕೆ ಅಳೆಯಬೇಕು. ಸೇರಿಸದ ನಳಿಕೆಯಲ್ಲಿ 60 ಘಟಕ, ಸೇರಿಸಿದ್ದರಲ್ಲಿ 78 ಬಂತೆನ್ನಿ. ಏರಿಕೆ 18, ಅಂದರೆ 60ರ ಮೇಲೆ 30 ಪ್ರತಿಶತ. ಸಾಮಾನ್ಯವಾಗಿ 25 ಪ್ರತಿಶತ ಮೀರಿದರೆ ಕೊರತೆ ಎನ್ನುತ್ತಾರೆ. ಸಹಕಿಣ್ವವಿಲ್ಲದೆ ಖಾಲಿ ಕುಳಿತಿದ್ದ ಕಿಣ್ವದ ಪಾಲನ್ನೇ ಈ ಏರಿಕೆ ತೋರಿಸುತ್ತದೆ. ಆದರೆ ಕೊರತೆ ಬಹಳ ದಿನದ್ದಾಗಿದ್ದರೆ ಕಿಣ್ವದ ಪ್ರೋಟೀನೇ ಕಡಿಮೆಯಾಗಿರುತ್ತದೆ. ಆಗ ಏರಿಕೆ ಸಣ್ಣದಾಗಿ ಕಂಡು ದಾರಿ ತಪ್ಪಿಸುತ್ತದೆ. ಹಾಗಾಗಿ ಏರಿಕೆಯ ಜೊತೆಗೆ ಮೂಲ ಚಟುವಟಿಕೆಯನ್ನೂ ನೋಡಬೇಕು.

ಹಸಿ ಮೊಟ್ಟೆಯ ಬಿಳಿಭಾಗದ ಅವಿಡಿನ್ ಸೇರಿಸಿದರೆ ಪೈರುವೇಟ್ ಯಾವ ದಾರಿಯಲ್ಲಿ ನಿಲ್ಲುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ?

ಅಸಿಟೈಲ್ ಕೋಎ ದಾರಿಯೂ ಲ್ಯಾಕ್ಟೇಟ್ ದಾರಿಯೂ ತೆರೆದೇ ಇರುತ್ತವೆ. ನಿಲ್ಲುವುದು ಆಕ್ಸಾಲೋಅಸಿಟೇಟ್ ದಾರಿಯ ಕಿಣ್ವವಾದ ಪೈರುವೇಟ್ ಕಾರ್ಬಾಕ್ಸಿಲೇಸ್. ಬಯೋಟಿನ್ ಆ ಕಿಣ್ವದ ಲೈಸೀನ್ ಒಂದರ ತುದಿಗೆ ಸಹವೇಲೆನ್ಸೀಯವಾಗಿ ಕಟ್ಟಿಕೊಂಡಿರುತ್ತದೆ, ಉದ್ದನೆಯ ತೋಳಿನ ತುದಿಯ ಕೈಯಂತೆ. ಒಂದು ಕಡೆ ಎಟಿಪಿ ಖರ್ಚಾಗಿ ಬೈಕಾರ್ಬನೇಟಿನಿಂದ ಕಾರ್ಬಾಕ್ಸಿಲ್ ಗುಂಪು ಈ ಕೈಗೆ ಸಿಗುತ್ತದೆ. ತೋಳು ಇನ್ನೊಂದು ಕಡೆಗೆ ವಾಲಿ ಅದನ್ನು ಪೈರುವೇಟಿಗೆ ಕೊಡುತ್ತದೆ. ಅವಿಡಿನ್ ಬಯೋಟಿನ್ನನ್ನು ಹಿಡಿದರೆ ಬಿಡುವುದಿಲ್ಲ ಎನ್ನಬೇಕು, ಬಂಧದ ವಿಯೋಜನ ಸ್ಥಿರಾಂಕ ಸುಮಾರು 10⁻¹⁵ ಮೋಲಾರ್. ಅವಿಡಿನ್‌ಗೆ ಮೊದಲೇ ಸಾಕಷ್ಟು ಬಯೋಟಿನ್ ಬೆರೆಸಿಟ್ಟು ಆಮೇಲೆ ಕಿಣ್ವಕ್ಕೆ ಹಾಕಿದರೆ ತಡೆ ಕಾಣುವುದಿಲ್ಲ. ಈ ಹೋಲಿಕೆ ನಳಿಕೆಯನ್ನು ಬರೆಯದಿದ್ದರೆ ಉತ್ತರ ಅರ್ಧವೇ. ಮೊಟ್ಟೆ ಬೇಯಿಸಿದರೆ ಅವಿಡಿನ್ ಕೆಡುತ್ತದೆ.

ಇದರ ಬಾಲವಾಗಿ ಬರುತ್ತಿದ್ದ ಕಿರುಪ್ರಶ್ನೆ ನನಗೆ ಈಗಲೂ ಇಷ್ಟ. ವಿಕಿರಣಶೀಲ ಕಾರ್ಬನ್ನಿನ ಬೈಕಾರ್ಬನೇಟ್ ಕೊಟ್ಟು ಪಾಲ್ಮಿಟೇಟ್ ತಯಾರಿಸಿದರೆ ಗುರುತು ಎಲ್ಲಿರುತ್ತದೆ? ಎಲ್ಲೂ ಇರುವುದಿಲ್ಲ. ಬಯೋಟಿನ್ ಮೂಲಕ ಅಸಿಟೈಲ್ ಕೋಎಗೆ ಸೇರಿ ಮಲೋನೈಲ್ ಕೋಎ ಆದ ಅದೇ ಕಾರ್ಬನ್ ಸರಪಳಿಗೆ ಜೋಡಣೆಯಾಗುವ ಹೊತ್ತಿಗೆ ಮತ್ತೆ ಹೊರಬೀಳುತ್ತದೆ. ಏಳು ಮಲೋನೈಲ್, ಏಳು ಕಾರ್ಬನ್ ಡೈಆಕ್ಸೈಡ್.

ಸಕ್ಸಿನೇಟ್ ಡಿಹೈಡ್ರೋಜಿನೇಸ್ ಎನ್‌ಎಡಿ ಬಿಟ್ಟು ಎಫ್‌ಎಡಿ ಬಳಸುವುದೇಕೆ? ಲೆಕ್ಕದಿಂದ ತೋರಿಸಿ.

ಫ್ಯೂಮರೇಟ್–ಸಕ್ಸಿನೇಟ್ ಜೋಡಿಯ ಪ್ರಮಾಣ ವಿಭವ ಸುಮಾರು +0.03 ವೋಲ್ಟ್, ಎನ್‌ಎಡಿ ಜೋಡಿಯದು −0.32. ಸಕ್ಸಿನೇಟಿನ ಎಲೆಕ್ಟ್ರಾನ್‌ಗಳನ್ನು ಎನ್‌ಎಡಿಗೆ ಕೊಡಲು ಹೊರಟರೆ ವ್ಯತ್ಯಾಸ −0.35 ವೋಲ್ಟ್. ΔG = −nFΔE ಸೂತ್ರದಲ್ಲಿ ಎಲೆಕ್ಟ್ರಾನ್ ಸಂಖ್ಯೆ n ಎರಡು, ಫ್ಯಾರಡೆ ಸ್ಥಿರಾಂಕ F 96.5 ಕಿಲೋಕೂಲಂಬ್ ಇಟ್ಟರೆ ಮೋಲ್‌ಗೆ +67.6 ಕಿಲೋಜೂಲ್ ಬರುತ್ತದೆ. ಇಷ್ಟು ಏರನ್ನು ಜೀವಕೋಶ ಹತ್ತಲಾರದು. ಕಿಣ್ವಕ್ಕೆ ಬಿಗಿದಿರುವ ಫ್ಲೇವಿನ್ ಸಕ್ಸಿನೇಟಿನ ಮಟ್ಟಕ್ಕೆ ಹತ್ತಿರವಿದ್ದು ಎಲೆಕ್ಟ್ರಾನ್‌ಗಳನ್ನು ತೆಗೆದುಕೊಳ್ಳಬಲ್ಲದು.

ಹಾಗಾದರೆ ಪೈರುವೇಟ್ ಡಿಹೈಡ್ರೋಜಿನೇಸ್‌ನ ಮೂರನೆಯ ಕಿಣ್ವದಲ್ಲಿ ಎಲೆಕ್ಟ್ರಾನ್‌ಗಳು ಎಫ್‌ಎಡಿಯಿಂದ ಎನ್‌ಎಡಿಗೆ, ಅಂದರೆ ಉಲ್ಟಾ ದಿಕ್ಕಿನಲ್ಲಿ, ಹೋಗುವುದು ಹೇಗೆ? ಎಫ್‌ಎಡಿಗೆ ಒಂದೇ ನಿಗದಿತ ವಿಭವವಿಲ್ಲ. ಅದು ಕಿಣ್ವದಲ್ಲಿ ಹೂತುಕೊಂಡಿರುವುದರಿಂದ ಸುತ್ತಲಿನ ಅಮೈನೋ ಆಮ್ಲಗಳು ವಿಭವವನ್ನು ಏರಿಳಿಸುತ್ತವೆ. ಎನ್‌ಎಡಿಯಾದರೋ ಕಿಣ್ವದಿಂದ ಕಿಣ್ವಕ್ಕೆ ಓಡಾಡುವ ಅಣು, ಎಲ್ಲಿ ಹೋದರೂ ತನ್ನ ಮಟ್ಟ ಹೆಚ್ಚುಕಡಿಮೆ ಅದೇ. ಎಫ್‌ಎಡಿಯ ವಿಭವವನ್ನು ಒಂದು ಕೋಷ್ಟಕದಿಂದ ಎತ್ತಿ ಎಲ್ಲ ಕಿಣ್ವಕ್ಕೂ ಹಚ್ಚಿದರೆ ಈ ಪ್ರಶ್ನೆ ಖಂಡಿತ ಕೈ ಕೊಡುತ್ತದೆ.

ರೋಗಿಯ ರಕ್ತದ ಪೈರುವೇಟನ್ನು 340 ನ್ಯಾನೋಮೀಟರಿನಲ್ಲಿ ಅಳೆಯಿರಿ.

ಎನ್‌ಎಡಿಎಚ್ 340ರಲ್ಲಿ ಬೆಳಕು ಹೀರುತ್ತದೆ, ಎನ್‌ಎಡಿ ಹೀರುವುದಿಲ್ಲ. ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಪ್ರತಿ ಪೈರುವೇಟಿಗೆ ಒಂದು ಎನ್‌ಎಡಿಎಚ್ ಖರ್ಚು ಮಾಡುತ್ತದೆ. ರಕ್ತ ತೆಗೆದ ಕೂಡಲೇ ತಣ್ಣನೆಯ ಪರ್ಕ್ಲೋರಿಕ್ ಆಮ್ಲಕ್ಕೆ ಹಾಕಬೇಕು, ಇಲ್ಲದಿದ್ದರೆ ಕಣಗಳು ನಳಿಕೆಯಲ್ಲೇ ಪೈರುವೇಟನ್ನು ಲ್ಯಾಕ್ಟೇಟ್ ಮಾಡಿಬಿಡುತ್ತವೆ. ಪ್ರೋಟೀನ್ ತೆಗೆದು, ಆಮ್ಲವನ್ನು ತಟಸ್ಥಗೊಳಿಸಿದ ಮೇಲೆ ಸಾರ ಒಟ್ಟು ಮೂರು ಪಟ್ಟು ತೆಳುವಾಗಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ 1.0 ಮಿಲಿಲೀಟರ್ ಹಾಕಿ, ಬಫರ್ ಮತ್ತು ಎನ್‌ಎಡಿಎಚ್ ಸೇರಿಸಿ ಒಟ್ಟು 3.0 ಮಿಲಿಲೀಟರ್ ಮಾಡಿದ್ದೀರಿ. ಒಂದು ಸೆಂಟಿಮೀಟರಿನ ಕ್ಯುವೆಟ್‌ನಲ್ಲಿ ಹೀರಿಕೆ 0.850. ಅತ್ಯಲ್ಪ ಪ್ರಮಾಣದ ಕಿಣ್ವ ಸೇರಿಸಿದ ಮೇಲೆ ಇಳಿದು 0.539ಕ್ಕೆ ನಿಂತಿತು.

ಇಳಿತ 0.311. ಅದನ್ನು ಎನ್‌ಎಡಿಎಚ್‌ನ ಮೋಲಾರ್ ಹೀರಿಕೆ ಗುಣಾಂಕವಾದ 6220ರಿಂದ ಭಾಗಿಸಿದರೆ 0.00005 ಮೋಲಾರ್, ಅಂದರೆ ಲೀಟರಿಗೆ 50 ಮೈಕ್ರೋಮೋಲ್. ಮೂರು ಮಿಲಿಲೀಟರಿನಲ್ಲಿ 0.15 ಮೈಕ್ರೋಮೋಲ್ ಇದ್ದಂತಾಯಿತು. ಅದೆಲ್ಲ ಬಂದದ್ದು 1.0 ಮಿಲಿಲೀಟರ್ ಸಾರದಿಂದ, ಆದ್ದರಿಂದ ಸಾರದಲ್ಲಿ 0.15 ಮಿಲಿಮೋಲಾರ್. ಮೂರು ಪಟ್ಟು ಗುಣಿಸಿದರೆ ರಕ್ತದಲ್ಲಿ 0.45 ಮಿಲಿಮೋಲಾರ್. ಆರೋಗ್ಯವಂತರಲ್ಲಿ ಉಪವಾಸದಲ್ಲಿ ಇದು ಸುಮಾರು 0.1ರ ಒಳಗಿರುತ್ತದೆ. ಎರಡು ತೆಳುವಾಗಿಸುವಿಕೆಗಳಲ್ಲಿ ಒಂದನ್ನು ಮರೆತವರಿಗೆ 0.15 ಬಂದು, ರೋಗಿ ಹೆಚ್ಚುಕಡಿಮೆ ಸರಿಯಿದ್ದಾನೆ ಎನ್ನಿಸಿಬಿಡುತ್ತದೆ.

ಕಿಣ್ವ ಸೇರಿಸುವ ಮೊದಲೇ ಹೀರಿಕೆ ಇಳಿಯುತ್ತಿದ್ದರೆ ಆಮ್ಲ ಪೂರ್ತಿ ತಟಸ್ಥವಾಗಿಲ್ಲ ಎಂದು ಅನುಮಾನಿಸಿ. ಎನ್‌ಎಡಿಎಚ್ ಆಮ್ಲದಲ್ಲಿ ಒಡೆಯುತ್ತದೆ, ಎನ್‌ಎಡಿ ಕ್ಷಾರದಲ್ಲಿ. ಕೊನೆಯ ಓದು ಸೊನ್ನೆಯ ಹತ್ತಿರಕ್ಕೆ ಬಂದು ನಿಂತರೂ ಆ ಅಳತೆಯನ್ನು ನಂಬಬೇಡಿ. ಅಲ್ಲಿ ಮುಗಿದಿರುವುದು ಪೈರುವೇಟಲ್ಲ, ಎನ್‌ಎಡಿಎಚ್. ಸಾರವನ್ನು ಅರ್ಧಕ್ಕೆ ಇಳಿಸಿ ಮತ್ತೆ ಅಳೆಯಬೇಕು.