ಐಕ್ಲೌಡ್ ಸಿಂಕ್ ಆಫ್ ಆಯಿತು, ಎರಡು ಡಾಕ್ಯುಮೆಂಟ್ಸ್ ಫೋಲ್ಡರ್ ಆದವು: ಖಾತೆ ಪುಸ್ತಕ ಸ್ಕ್ಯಾನ್ ಕೆಲಸದ ಮುಂದಿನ ಹಂತ

ಅಜ್ಜನ ಕಾಲದ ಅಡಿಕೆ ಲೆಕ್ಕದ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಕೆಲಸ ಅರ್ಧ ದಾಟಿದೆ. ಈ ಸಲ ಹೊಸ ಪುಟ ಒಂದೂ ಆಗಿಲ್ಲ. ಮ್ಯಾಕ್‌ನಲ್ಲಿ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳ ಐಕ್ಲೌಡ್ ಸಿಂಕ್ ನಿಲ್ಲಿಸುವುದರಲ್ಲೇ ಸಮಯ ಹೋಯಿತು. ಕಾರಣ ಸರಳ. ಶಿರಸಿ ಕಡೆ ಮಳೆಗಾಲದಲ್ಲಿ ನೆಟ್ ನಂಬುವ ಹಾಗಿಲ್ಲ. ಡಿಸ್ಕ್ ತುಂಬುತ್ತಾ ಬಂದಂತೆ ಮ್ಯಾಕ್ ಹಳೆಯ ಸ್ಕ್ಯಾನುಗಳನ್ನು ಕ್ಲೌಡ್‌ನಲ್ಲಿ ಮಾತ್ರ ಉಳಿಸಿ, ಇಲ್ಲಿನ ಜಾಗ ಖಾಲಿ ಮಾಡುತ್ತದೆ. ಹೆಸರು ಕಾಣುತ್ತದೆ, ತೆರೆಯಲು ಹೋದರೆ ಡೌನ್‌ಲೋಡ್ ಆಗುವವರೆಗೆ ಕಾಯಬೇಕು. ಸ್ಕ್ಯಾನ್ ಜೋಡಿಸುವ ಕೆಲಸಕ್ಕೆ ಇದು ಆಗುವುದಿಲ್ಲ.

ಸ್ವಿಚ್ ಮುಟ್ಟುವ ಮುಂಚೆ ಅದು ಏನು ಮಾಡುತ್ತದೆ ಎಂದು ತಿಳಿದಿರಬೇಕು. ಈ ಸೌಲಭ್ಯ ಬಂದದ್ದು 2016ರ ಮ್ಯಾಕ್‌ಓಎಸ್ ಸಿಯೆರಾದಲ್ಲಿ. ಅದನ್ನು ಆನ್ ಮಾಡಿದಾಗ ನಮ್ಮ ಎರಡೂ ಫೋಲ್ಡರುಗಳು ಐಕ್ಲೌಡ್ ಡ್ರೈವ್‌ನ ಭಾಗ ಆಗುತ್ತವೆ. ಆಫ್ ಮಾಡಿದರೆ ಅವು ವಾಪಸ್ ಮನೆಗೆ ಬರುತ್ತವೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಬರುವುದಿಲ್ಲ. ಫೈಲುಗಳು ಐಕ್ಲೌಡ್ ಡ್ರೈವ್‌ನಲ್ಲೇ ಉಳಿಯುತ್ತವೆ. ಮ್ಯಾಕ್‌ನ ಹೋಮ್ ಫೋಲ್ಡರಿನಲ್ಲಿ ಅದೇ ಹೆಸರಿನ ಎರಡು ಹೊಸ, ಖಾಲಿ ಫೋಲ್ಡರುಗಳು ಹುಟ್ಟುತ್ತವೆ. ತೆರೆಯ ಮೇಲಿನ ಡೆಸ್ಕ್‌ಟಾಪ್ ಬರಿದಾಗಿ ಕಾಣುವುದು ಇದಕ್ಕೇ. ಏನೂ ಅಳಿಸಿ ಹೋಗಿರುವುದಿಲ್ಲ.

ಮೊದಲು ನೋಡಿದ್ದು, ನಿಜವಾಗಿ ಎಷ್ಟು ಫೈಲು ಈ ಲ್ಯಾಪ್‌ಟಾಪ್‌ನಲ್ಲಿದೆ ಎಂದು. ಡಾಕ್ಯುಮೆಂಟ್ಸ್ ಮೇಲೆ ಗೆಟ್ ಇನ್ಫೋ ಕೊಟ್ಟರೆ ಒಟ್ಟು ಗಾತ್ರದ ಪಕ್ಕದಲ್ಲೇ ಡಿಸ್ಕ್ ಮೇಲಿನ ಗಾತ್ರವೂ ಬರುತ್ತದೆ. ನನ್ನದು ಒಟ್ಟು 92 ಜಿಬಿ, ಡಿಸ್ಕ್ ಮೇಲೆ 38 ಜಿಬಿ. ಅಂದರೆ 54 ಜಿಬಿ ಕ್ಲೌಡ್‌ನಲ್ಲಿ ಮಾತ್ರ. ಯಾವ ಫೈಲು ಹಾಗಿದೆ ಎಂದು ಫೈಂಡರ್‌ನಲ್ಲಿ ಮೋಡದ ಗುರುತು ತೋರಿಸುತ್ತದೆ. ಸಾವಿರಾರು ಫೈಲು ಇದ್ದರೆ ಟರ್ಮಿನಲ್ ಸುಲಭ:

```
ls -lOR ~/Documents | grep -c dataless
```

ಹೆಸರು ಇದ್ದು ಒಳಗಿನ ಮಾಹಿತಿ ಇಲ್ಲಿಲ್ಲದ ಫೈಲಿಗೆ ಈಗಿನ ಮ್ಯಾಕ್‌ಓಎಸ್ `dataless` ಎಂಬ ಗುರುತು ಹಾಕುತ್ತದೆ. ಈ ಸಾಲು ಅಂಥವನ್ನು ಎಣಿಸಿ ಕೊಡುತ್ತದೆ. ಸೊನ್ನೆ ಬಂದರೆ ಎಲ್ಲವೂ ಇಲ್ಲೇ ಇದೆ.

ನನ್ನ ಡಿಸ್ಕ್ 256 ಜಿಬಿಯದು. ಖಾಲಿ ಇದ್ದದ್ದು 61 ಜಿಬಿ. 54 ಜಿಬಿ ಇಳಿಸಿದರೆ ಉಳಿಯುವುದು 7 ಜಿಬಿ. ಅಷ್ಟರಲ್ಲಿ ಮ್ಯಾಕ್ ಉಸಿರಾಡುವುದು ಕಷ್ಟ. ಹಾಗಾಗಿ ಫೋಲ್ಡರ್ ಫೋಲ್ಡರಾಗಿ ಹೋದೆ. ಒಂದು ವರ್ಷದ ಪುಸ್ತಕದ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ Download Now. ಪೂರ್ತಿ ಇಳಿದ ಮೇಲೆ ಹೊರಗಿನ ಎಸ್‌ಎಸ್‌ಡಿಗೆ ನಕಲು. ಆಮೇಲೆ Remove Download ಕೊಟ್ಟು ಜಾಗ ಬಿಡಿಸಿಕೊಂಡು ಮುಂದಿನ ವರ್ಷಕ್ಕೆ. ನಿಧಾನದ ಕೆಲಸ, ಆದರೆ ಇದನ್ನು ಬಿಡಬಾರದು. ಟೈಮ್ ಮೆಷೀನ್ ಇದೆಯಲ್ಲ ಅಂತ ಸುಮ್ನೆ ಇರುವ ಹಾಗಿಲ್ಲ. ಕ್ಲೌಡ್‌ನಲ್ಲಿ ಮಾತ್ರ ಇರುವ ಫೈಲಿನ ಒಳಗಿನ ಮಾಹಿತಿ ಆ ಬ್ಯಾಕಪ್‌ಗೆ ಸಿಗುವುದೇ ಇಲ್ಲ.

ಇನ್ನೊಂದು ಮಾತು. ಇತ್ತೀಚಿನ ಸ್ಕ್ಯಾನುಗಳು ಮೇಲಕ್ಕೆ ಹೋಗಿ ಮುಗಿದಿರಬೇಕು. ಫೈಂಡರ್‌ನ ಬದಿಯಲ್ಲಿ ಐಕ್ಲೌಡ್ ಡ್ರೈವ್ ಪಕ್ಕದ ಸಣ್ಣ ವೃತ್ತ ತುಂಬಿ ಮಾಯವಾಗುವವರೆಗೆ ಕಾದೆ. ಆ ಹೊತ್ತಿನಲ್ಲಿ ಸ್ಕ್ಯಾನರ್ ಮುಟ್ಟಲಿಲ್ಲ.

ಆಮೇಲೆ ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ, ಮೇಲಿರುವ ನನ್ನ ಹೆಸರು ಒತ್ತಿ, ಐಕ್ಲೌಡ್, ಅದರೊಳಗೆ ಡ್ರೈವ್, ಅಲ್ಲಿ Desktop & Documents Folders ಆಫ್. ಐಕ್ಲೌಡ್ ಡ್ರೈವ್ ಅನ್ನೇ ಪೂರ್ತಿ ಆಫ್ ಮಾಡುವುದು ಬೇರೆ ದಾರಿ. ಹಾಗೆ ಮಾಡಿದರೆ ಅಥವಾ ಅಕೌಂಟಿನಿಂದಲೇ ಸೈನ್ ಔಟ್ ಆದರೆ, ಇಲ್ಲಿ ಒಂದು ಪ್ರತಿ ಇಟ್ಟುಕೊಳ್ಳಲೇ ಎಂದು ಮ್ಯಾಕ್ ಕೇಳುತ್ತದೆ. ಹೂಂ ಅಂದರೆ ಹೋಮ್ ಫೋಲ್ಡರಿನಲ್ಲಿ `iCloud Drive (Archive)` ಎಂಬ ಫೋಲ್ಡರ್ ಬರುತ್ತದೆ, ಹಳೆಯ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಅದರೊಳಗೆ ಸಿಗುತ್ತವೆ. ನನಗೆ ಫೋನಿನಲ್ಲಿ ಐಕ್ಲೌಡ್ ಡ್ರೈವ್ ಬೇಕು, ಅದಕ್ಕೆ ಆ ದಾರಿ ಹಿಡಿಯಲಿಲ್ಲ.

ಆಫ್ ಮಾಡಿದ ಕೂಡಲೇ ಡೆಸ್ಕ್‌ಟಾಪ್ ಖಾಲಿ. ಫೈಂಡರ್‌ನ Go ಮೆನುವಿನಲ್ಲಿ iCloud Drive ತೆರೆದರೆ ಹಳೆಯ ಎರಡೂ ಫೋಲ್ಡರುಗಳು ಅಲ್ಲೇ ಇದ್ದವು. ಇಲ್ಲಿ ಗೊಂದಲ ಆಗುವುದು ಸಹಜ. ಈಗ ಡಾಕ್ಯುಮೆಂಟ್ಸ್ ಎಂಬ ಹೆಸರಿನವು ಎರಡಿವೆ. ಸ್ಕ್ಯಾನರ್ ಸಾಫ್ಟ್‌ವೇರಿಗೆ ಗೊತ್ತಿರುವುದು `~/Documents` ಎಂಬ ವಿಳಾಸ ಮಾತ್ರ. ಆ ವಿಳಾಸ ಈಗ ಹೊಸ ಖಾಲಿ ಫೋಲ್ಡರಿನದು. ಹಾಗೇ ಸ್ಕ್ಯಾನ್ ಮುಂದುವರಿಸಿದ್ದರೆ ಅರ್ಧ ಪುಸ್ತಕ ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ ಸೇರುತ್ತಿತ್ತು. ಆದ್ದರಿಂದ ಫೈಲುಗಳು ಜಾಗಕ್ಕೆ ಬರುವವರೆಗೆ ಸ್ಕ್ಯಾನರ್ ಬಂದ್.

ಇನ್ನು ಫೈಲು ತರುವುದು. ಐಕ್ಲೌಡ್ ಡ್ರೈವ್‌ನಿಂದ ಸುಮ್ಮನೆ ಎಳೆದು ಹೊಸ ಫೋಲ್ಡರಿಗೆ ಹಾಕಿದರೆ ಅದು ನಕಲಾಗುವುದಿಲ್ಲ, ಅಲ್ಲಿಂದ ಇಲ್ಲಿಗೆ ಸ್ಥಳಾಂತರ ಆಗುತ್ತದೆ. ಪರೀಕ್ಷೆಗೆಂದೇ ಮಾಡಿದ ಒಂದು ಖಾಲಿ ಟೆಕ್ಸ್ಟ್ ಫೈಲನ್ನು ಹಾಗೆ ಎಳೆದು ನೋಡಿದೆ. ಐಕ್ಲೌಡ್‌ನಿಂದ ಹೋಗುತ್ತದೆ ಎಂದು ಮ್ಯಾಕ್ ಎಚ್ಚರಿಸಿತು. ಒಪ್ಪಿದ ಮೇಲೆ ಫೋನಿನಿಂದಲೂ ಹೋಯಿತು. ತಂಗಿಯ ಕೆಲಸಕ್ಕೆಂದು ಇದೇ ಅಕೌಂಟಿನಲ್ಲಿ ಇನ್ನೊಂದು ಮ್ಯಾಕ್ ಇದೆ, ಅಲ್ಲಿ ಸಿಂಕ್ ಇನ್ನೂ ಆನ್. ಅದರ ಡೆಸ್ಕ್‌ಟಾಪಿಗೆ ನನ್ನ ಸ್ವಿಚ್‌ನಿಂದ ಏನೂ ಆಗಿಲ್ಲ. ಆದರೆ ನಾನು ಫೈಲು ಎಳೆದುಕೊಂಡರೆ ಅವಳ ಕಡೆಯೂ ಅವು ಮಾಯ. ಹಾಗಾಗಿ ಆಪ್ಷನ್ ಕೀ ಒತ್ತಿ ಹಿಡಿದು ಎಳೆದೆ. ಆಗ ಹಸಿರು ಪ್ಲಸ್ ಗುರುತು ಬರುತ್ತದೆ, ಮೂಲ ಅಲ್ಲೇ ಉಳಿಯುತ್ತದೆ.

ಎಲ್ಲ 92 ಜಿಬಿಯನ್ನೂ ಲ್ಯಾಪ್‌ಟಾಪಿಗೆ ತರಲಿಲ್ಲ. ಜೋಡಿಸಿ ಮುಗಿಸಿದ ಪುಸ್ತಕಗಳು ಎಸ್‌ಎಸ್‌ಡಿಯಲ್ಲೇ ಸಾಕು. ಈಗ ಕೈಯಲ್ಲಿರುವ `khate` ಫೋಲ್ಡರ್ ಮಾತ್ರ ತಂದೆ. ಬಂದದ್ದು ಸರಿಯಿದೆಯೇ ಎಂದು ಹೀಗೆ ನೋಡಿದೆ:

```
cd ~/Library/Mobile\ Documents/com~apple~CloudDocs
diff -rq Documents/khate ~/Documents/khate
```

ಐಕ್ಲೌಡ್ ಡ್ರೈವ್ ಡಿಸ್ಕಿನಲ್ಲಿ ಇರುವ ಜಾಗ ಅದು. `diff` ಎರಡೂ ಕಡೆಯ ಫೈಲುಗಳನ್ನು ಪೂರ್ತಿ ಓದುತ್ತದೆ, ಆದ್ದರಿಂದ ಇಳಿಯದೆ ಉಳಿದ ಫೈಲಿದ್ದರೆ ಅದನ್ನೂ ಇಳಿಸಿಕೊಳ್ಳುತ್ತದೆ. ನೆಟ್ ಚೆನ್ನಾಗಿರುವಾಗ ಓಡಿಸುವುದು ಒಳ್ಳೆಯದು. `.DS_Store` ಬಗ್ಗೆ ಒಂದೆರಡು ಸಾಲು ಬಂತು, ಅದು ಫೈಂಡರ್ ತನಗಾಗಿ ಇಟ್ಟುಕೊಳ್ಳುವ ಫೈಲು. ಬೇರೆ ಏನೂ ಬರಲಿಲ್ಲ, ಅಂದರೆ ಎರಡೂ ಒಂದೇ.

ಸಿಂಕ್ ಆಫ್ ಆದರೂ ಕ್ಲೌಡ್‌ನ ಜಾಗ ಖಾಲಿ ಆಗಿಲ್ಲ, ಚಂದಾ ಅಷ್ಟೇ ಇದೆ. ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ, ಅದಕ್ಕಿಳಿಯಬೇಕಾದರೆ ಅಲ್ಲಿನ ಪ್ರತಿಗಳನ್ನು ಅಳಿಸಲೇಬೇಕು. ಅಳಿಸಿದ್ದು 30 ದಿನ ವಾಪಸ್ ಸಿಗುತ್ತದೆ. ಆದರೂ ಎರಡನೇ ಹಾರ್ಡ್ ಡಿಸ್ಕ್‌ಗೆ ಇನ್ನೊಂದು ನಕಲು ಆಗುವವರೆಗೆ ಅಲ್ಲಿನದನ್ನು ಮುಟ್ಟುವುದಿಲ್ಲ. ಆ ಡಿಸ್ಕ್ ಬರುವಷ್ಟರಲ್ಲಿ ನಿಂತಿದ್ದ ಪುಸ್ತಕದ ಉಳಿದ ಪುಟಗಳನ್ನು ಸ್ಕ್ಯಾನ್ ಮಾಡಬೇಕು.