ಐದು ಬೆರಳಿನ ಸ್ಟಿಕ್ಕರು

ಈ ಸೋಮವಾರ ಗ್ರೀಸಿನ ಥೆಸಲೊನೀಕಿಯಲ್ಲಿರುವ ಗೆಳತಿ, ಮರುದಿನ ಎಷ್ಟು ಗಂಟೆಗೆ ಮಾತನಾಡೋಣವೆಂದು ವಾಟ್ಸಾಪಿನಲ್ಲಿ ಕೇಳಿದಳು. ಸಂಜೆ ಐದಕ್ಕೆ ಎಂದು ಬರೆಯುವ ಬದಲು ನಾನು ಒಂದು ಸ್ಟಿಕ್ಕರು ಕಳಿಸಿದೆ. ಕಳೆದ ತಿಂಗಳು ಮಗಳ ಅಂಗೈಗೆ ಗೋರಂಟಿ ಹಾಕಿದ್ದಾಗ ತೆಗೆದ ಫೋಟೋದಿಂದ ನಾನೇ ಮಾಡಿಕೊಂಡದ್ದು ಅದು: ಬೆರಳುಗಳೆಲ್ಲ ಅಗಲವಾಗಿ ಬಿಡಿಸಿದ ಕೈ, ನಡುವೆ ಕೆಂಪು ಚಂದ್ರ, ಸುತ್ತ ಚುಕ್ಕೆಗಳು. ಎರಡು ನಿಮಿಷದ ನಂತರ ಉತ್ತರ ಬಂತು: "ನಾನೇನು ತಪ್ಪು ಮಾಡಿದೆ?"

ಆ ಒಂದು ಸಾಲನ್ನು ನಾನು ರಾತ್ರಿಯವರೆಗೆ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅವಳು ಕೋಪಗೊಂಡಿರಲಿಲ್ಲ, ನಿಜವಾಗಿಯೂ ಕೇಳಿದ್ದಳು. ಮನಸ್ಸಿನಲ್ಲಿರುವುದನ್ನು ಮುಚ್ಚಿಡದ ಹುಡುಗಿ ಅವಳು. ಹನ್ನೊಂದು ವರ್ಷಗಳಿಂದ ನಮ್ಮ ಸ್ನೇಹ ಉಳಿದಿರುವುದೂ ಆ ಗುಣದಿಂದಲೇ. "ಒಂದು ಕೈಯ ಚಿತ್ರಕ್ಕೆ ಯಾರಾದರೂ ಬೇಸರಪಡುತ್ತಾರೆಯೇ, ಬಿಡು" ಎಂದು ನನ್ನ ಯಜಮಾನರು ಹೇಳಿದರು. ಅವರ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಬೇಸರಪಡುವುದು ಸರಿಯೋ ತಪ್ಪೋ ಎಂಬ ತೀರ್ಮಾನ ಕಳಿಸಿದವರ ಕೈಯಲ್ಲಿರುವುದಿಲ್ಲ.

ಮಂಗಳವಾರ ವಿಡಿಯೋ ಕರೆಯಲ್ಲಿ ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಬೆರಳುಗಳನ್ನು ಅಗಲಿಸಿ, ಅಂಗೈಯನ್ನು ಎದುರಿನವರ ಮುಖದತ್ತ ಚಾಚುವುದು ಗ್ರೀಸಿನಲ್ಲಿ ಒಂದು ಹಳೆಯ ಬೈಗುಳ. ಅದರ ಹೆಸರು ಮೂಂಡ್ಜಾ. ಕೈ ಚಾಚುತ್ತಾ "ನಾ!" ಎನ್ನುತ್ತಾರಂತೆ, ಎಂದರೆ "ಇಗೋ, ತಗೋ". ಸಿಟ್ಟು ಇನ್ನೂ ಹೆಚ್ಚಿದ್ದರೆ ಒಂದು ಅಂಗೈಯನ್ನು ಇನ್ನೊಂದು ಕೈಯ ಹಿಂಬದಿಗೆ ತಟ್ಟಿ ಎರಡೂ ಕೈಗಳನ್ನು ಒಟ್ಟಿಗೆ ತೋರಿಸುತ್ತಾರೆ. 2011ರಲ್ಲಿ ಅಥೆನ್ಸಿನ ಸಿಂಟಗ್ಮಾ ಚೌಕದಲ್ಲಿ ಸೇರಿದ್ದ ಪ್ರತಿಭಟನಾಕಾರರು ಸಂಸತ್ ಭವನದ ಕಡೆಗೆ ಸಾಲಾಗಿ ಕೈ ಚಾಚಿದ್ದು ಇದೇ ಅರ್ಥದಲ್ಲಿ.

ಇದರ ಮೂಲಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆಯನ್ನು ಕೇಳಿದಾಗ ನನ್ನ ಮೈ ಜುಮ್ಮೆಂದಿತು. ಬೈಜಾಂಟಿಯನ್ ಕಾಲದಲ್ಲಿ ಅಪರಾಧಿಯನ್ನು ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ, ಮುಖಕ್ಕೆ ಅಂಗೈಯಿಂದ ಮಸಿ ಸವರಿ ಊರಲ್ಲೆಲ್ಲ ಮೆರೆಸುತ್ತಿದ್ದರಂತೆ. ಆ ಮಸಿ ಸವರುವ ಕೈಯೇ ಈ ಸನ್ನೆಯಾಗಿ ಉಳಿದಿದೆ. ಮುಖಕ್ಕೆ ಮಸಿ ಬಳಿಯುವುದು ಎಂದರೆ ಏನೆಂದು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಮಾನ ಅದೇ, ಕತ್ತೆಯೂ ಅದೇ. ನಮ್ಮಲ್ಲಿ ಅದು ಮಾತಿನಲ್ಲಿ ಉಳಿದಿದೆ, ಅವರಲ್ಲಿ ಕೈಯಲ್ಲಿ ಉಳಿದಿದೆ. ಆದರೆ ಅದೇ ಕೈ ನಮಗೆ ದೇವರ ವಿಗ್ರಹದಲ್ಲಿ ಅಭಯಹಸ್ತ. ಹೆದರಬೇಡ ಎನ್ನುವ ಕೈಯನ್ನೇ ಅವಳಿಗೆ ಕಳಿಸಿದ್ದೇನೆಂದು ನಾನು ನಂಬಿಕೊಂಡಿದ್ದೆ.

ಹಾಗಾದರೆ ಅವರು ಐದು ಎಂದು ಹೇಗೆ ತೋರಿಸುತ್ತಾರೆ ಎಂದು ಕೇಳಿದೆ. ಅವಳು ಕ್ಯಾಮೆರಾದ ಮುಂದೆ ಕೈಯೆತ್ತಿ, ಅಂಗೈಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಕೈಯ ಹಿಂಬದಿಯನ್ನು ನನಗೆ ತೋರಿಸಿದಳು. ಅಂಗಡಿಯಲ್ಲಿ ಐದು ಬ್ರೆಡ್ಡು ಬೇಕೆಂದರೂ ಹೀಗೆಯೇ ಅಂತೆ. ಎದುರೆದುರು ನಿಂತಾಗ ಕೈಯನ್ನು ಹೀಗೆ ತಿರುಗಿಸಬಹುದು, ಸ್ವಲ್ಪ ಓರೆ ಹಿಡಿಯಬಹುದು. ತೆರೆಯ ಮೇಲಿನ ಚಿತ್ರಕ್ಕೆ ಆ ಅನುಕೂಲವಿಲ್ಲ, ಏಕೆಂದರೆ ಚಿತ್ರದ ಅಂಗೈ ಯಾವಾಗಲೂ ನೋಡುವವರ ಮುಖಕ್ಕೇ ಎದುರಾಗಿರುತ್ತದೆ. ಎಮೋಜಿಗಳಲ್ಲಿ 🖐 ಬೆರಳು ಅಗಲಿಸಿದ್ದು, ಅದೇ ಅತಿ ಹತ್ತಿರದ ಹೋಲಿಕೆ. ✋ ಬೆರಳು ಜೋಡಿಸಿದ್ದು, ಅಷ್ಟು ಕಟುವಲ್ಲ. ಬೀಸುವ ಕೈ 👋 ಅವರ ಮಾತುಕತೆಯಲ್ಲೂ ಸಲೀಸಾಗಿ ಬರುತ್ತದೆ. ಅವಳಿಗೆ ಹೆಚ್ಚು ಕೆಟ್ಟದೆನಿಸುವುದು ಚಲಿಸುವ ಸ್ಟಿಕ್ಕರುಗಳಂತೆ, ಏಕೆಂದರೆ ದೊಡ್ಡದಾಗುತ್ತಾ ಮುಂದಕ್ಕೆ ಬರುವ ಅಂಗೈಯಲ್ಲಿ ಮೂಂಡ್ಜಾದ ಆ ತಳ್ಳುವಿಕೆಯೂ ಇರುತ್ತದೆ.

ವಿದೇಶಿಯೊಬ್ಬರು ಕಳಿಸಿದರೆ ತನ್ನ ವಯಸ್ಸಿನವರು ಸಾಮಾನ್ಯವಾಗಿ ಅರ್ಥಮಾಡಿಕೊಳ್ಳುತ್ತಾರೆ ಎಂದೂ ಹೇಳಿದಳು. ಸೋಮವಾರ ಮಾತ್ರ ಫೋನು ಅಡುಗೆಮನೆಯ ಮೇಜಿನ ಮೇಲಿತ್ತು, ಮೊದಲು ನೋಡಿದವರು ಅವಳ ತಾಯಿ. ಮನೆಗೆ ಕರೆದು ಊಟ ಹಾಕಿದ ಆ ಹಿರಿಯರ ಮುಖಕ್ಕೆ ನಾನು ಅಂಗೈ ಚಾಚಿದಂತಾಯಿತಲ್ಲ ಎಂಬ ಸಂಕಟ ನನಗೆ ಇನ್ನೂ ಪೂರ್ತಿ ಹೋಗಿಲ್ಲ.

ಗುರುವಾರ ಮಗಳಿಗೆ ಮತ್ತೆ ಗೋರಂಟಿ ಹಾಕಿದೆ, ಈ ಬಾರಿ ಕೈಯ ಹಿಂಬದಿಗೆ. ಹಿಂಬದಿ ಕಾಣುವಂತೆ ಫೋಟೋ ತೆಗೆದು, ಹಿನ್ನೆಲೆ ಕತ್ತರಿಸಿ, ತಾಯಿಯವರಿಗೆ ತೋರಿಸಬೇಕೆಂಬ ವಿನಂತಿಯೊಡನೆ ಕಳಿಸಿದೆ. ಉತ್ತರವಾಗಿ ಬಂದದ್ದು ಒಂದು ಫೋಟೋ. ಹಿಟ್ಟು ಮೆತ್ತಿದ, ಸುಕ್ಕುಗಟ್ಟಿದ ಒಂದು ಕೈ, ಅಂಗೈ ಅವರ ಕಡೆಗೆ, ಹಿಂಬದಿ ನನ್ನ ಕಡೆಗೆ. ಕೆಳಗೆ ಗೆಳತಿ ಬರೆದಿದ್ದಳು: "ಆ ಬಣ್ಣ ಎಷ್ಟು ದಿನ ನಿಲ್ಲುತ್ತದೆ ಎಂದು ಅಮ್ಮ ಕೇಳುತ್ತಿದ್ದಾರೆ."