ಅಡುಗೆಮನೆ ರೇಡಿಯೋ, ಲಾಗ್ 7: ಪಾಝ್ ಬಟನ್ನಿನ ಕಾಟ

ಅಡುಗೆಮನೆಗೆ ಅಂತ ನಾನೇ ಕಟ್ಟುತ್ತಿರುವ ಇಂಟರ್ನೆಟ್ ರೇಡಿಯೋದಲ್ಲಿ ಮೂರು ವಾರ ತಲೆ ತಿಂದ ಪಾಝ್ ಬಟನ್ ಕೊನೆಗೂ ದಾರಿಗೆ ಬಂತು. ಡಬ್ಬಿ, ವೈರಿಂಗ್, ಒಳಗಿನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಝೀರೋ 2ರ ಸೆಟಪ್ ಇದ್ಯಾವುದನ್ನೂ ಮತ್ತೆ ಹೇಳಲ್ಲ, ನಿಮಗೆಲ್ಲ ಗೊತ್ತೇ ಇದೆ. ಆಂಪ್ಲಿಫೈಯರ್ ಕಥೆ ಮಾತ್ರ ಒಂದು ಸಾಲು: ಎಸ್‌.ಪಿ. ರೋಡಿನ ಅಂಗಡಿಯಲ್ಲಿ MAX98357A ಕೇಳಿದರೆ ಕೊಟ್ಟಿದ್ದು PAM8403. ಇದಕ್ಕೆ ಡಿಜಿಟಲ್ ಅಲ್ಲ, ಅನಲಾಗ್ ಸಿಗ್ನಲ್ ಬೇಕು. ವಾಪಸ್ ಹೋದರೆ "ಎರಡೂ ಆಡಿಯೋನೇ ಅಲ್ವಾ ಸಾರ್" ಅಂದ. ಇರಲಿ.

ನನ್ನ ಪ್ಲೇಯರ್‌ನಲ್ಲಿ ಒಂದೇ ಪಟ್ಟಿ ಇದೆ. ಮನೆ ಸರ್ವರಿನಲ್ಲಿರುವ ಹಾಡುಗಳೂ ಅದರಲ್ಲೇ, ಇಂಟರ್ನೆಟ್ ರೇಡಿಯೋಗಳೂ ಅದರಲ್ಲೇ. ಮ್ಯೂಸಿಕ್ ಆ್ಯಪ್‌ಗಳಲ್ಲೂ ಹೀಗೇ ಅಕ್ಕಪಕ್ಕ ಕಾಣುತ್ತವಲ್ಲ, ಅದನ್ನು ನೋಡಿ ಕಾಪಿ ಹೊಡೆದೆ. ಕೋಡ್‌ನಲ್ಲೂ ಹಾಗೇ ಮಾಡಿದೆ: ರೇಡಿಯೋ ಅಂದರೆ ಉದ್ದ ಗೊತ್ತಿಲ್ಲದ ಹಾಡು, ಅಷ್ಟೆ. ಕೆಟ್ಟಿದ್ದೇ ಅಲ್ಲಿ.

ನಡೆದದ್ದು ಇಷ್ಟು. ಅಮ್ಮ ಒಂದು ಸಮುದಾಯ ಬಾನುಲಿಯಲ್ಲಿ ವೈದ್ಯರ ಫೋನ್-ಇನ್ ಕೇಳುತ್ತಿದ್ದಳು. ಕುಕ್ಕರ್ ಕೂಗಿತು, ಪಾಝ್ ಒತ್ತಿದಳು. ಹದಿನೈದು ಸೆಕೆಂಡ್ ಬಿಟ್ಟು ಪ್ಲೇ ಒತ್ತಿದರೆ ಚೆನ್ನಾಗಿ ಮುಂದುವರಿಯಿತು. ಆಮೇಲೆ ಚಿಕ್ಕಮ್ಮನ ಫೋನ್ ಬಂತು. ಆರು ನಿಮಿಷ ಪಾಝ್. ಪ್ಲೇ ಒತ್ತಿದಾಗ ಡಾಕ್ಟರ್ ಹತ್ತು ಹನ್ನೆರಡು ಸೆಕೆಂಡ್ ಮಂಡಿನೋವಿನ ಬಗ್ಗೆ ಮಾತಾಡಿದರು. ಚಿಕಿತ್ಸೆ ಹೇಳುವ ಹೊತ್ತಿಗೆ ಸರಿಯಾಗಿ ಮಾತು ಕತ್ತರಿಸಿ ಭಜನೆ ಶುರುವಾಯಿತು. "ಡಾಕ್ಟ್ರು ಕೈಬಿಟ್ರಾ ಹಂಗಾದ್ರೆ?" ಅಂತ ಅಮ್ಮ ಕೇಳಿದಳು.

ಭಜನೆ ಎಲ್ಲಿಂದ ಬಂತು ಅಂತ ಹುಡುಕಿದರೆ, ಪಟ್ಟಿಯಲ್ಲಿ ಮುಂದಿನದು ಅದೇ. ರೇಡಿಯೋ ಕನೆಕ್ಷನ್ ಕಡಿದಾಗ ನನ್ನ ಕೋಡು "ಹಾಡು ಮುಗಿಯಿತು" ಅಂದುಕೊಂಡು ಮುಂದಕ್ಕೆ ಹೋಗಿದೆ. ಆದರೆ ಕನೆಕ್ಷನ್ ಯಾಕೆ ಕಡಿಯಿತು? ವೈಫೈಯನ್ನು ಬೈದೆ, ರೂಟರ್ ಜಾಗ ಬದಲಿಸಿದೆ. ಏನೂ ಆಗಲಿಲ್ಲ. ಕೊನೆಗೆ ಗಡಿಯಾರ ಹಿಡಿದು ಕೂತೆ. 40 ಸೆಕೆಂಡ್ ಪಾಝ್ ಮಾಡಿದರೆ ಬದುಕುತ್ತದೆ. ಒಂದು ನಿಮಿಷ ಮಾಡಿದರೆ ಸಾಯುತ್ತದೆ. ಪ್ರತಿ ಸಲವೂ. ಇಷ್ಟು ಶಿಸ್ತಾಗಿ ಸಾಯುವುದು ವೈಫೈ ಗುಣ ಅಲ್ಲ.

ಎರಡೂ ಕಡೆಯ ಉತ್ತರ ತೆಗೆದು ನೋಡಿದಾಗ ತಲೆಗೆ ಹೊಳೆಯಿತು. ಹಾಡಿನ ನಡುವಿನಿಂದ ಬೇಕು ಅಂತ ಕೇಳಿದರೆ ನನ್ನ ಸರ್ವರ್ ಹೀಗನ್ನುತ್ತದೆ:

```
HTTP/1.1 206 Partial Content
Content-Range: bytes 1000000-4799999/4800000
```

ರೇಡಿಯೋ ಹೇಳುವುದು ಹೀಗೆ:

```
HTTP/1.0 200 OK
Content-Type: audio/mpeg
icy-br:128
icy-metaint:16000
```

ಹಾಡಿಗೆ ಒಟ್ಟು ಉದ್ದ ಇದೆ, 48 ಲಕ್ಷ ಬೈಟ್. ಎಲ್ಲಿಂದ ಬೇಕಾದರೂ ಕೇಳಬಹುದು. ಪಾಝ್ ಮಾಡಿ ಊರಿಗೆ ಹೋಗಿ ಬಂದರೂ ಫೈಲ್ ಅಲ್ಲೇ ಕೂತಿರುತ್ತದೆ. ಕನೆಕ್ಷನ್ ಕಡಿದರೆ ನಿಂತ ಬೈಟಿನಿಂದ ಮತ್ತೆ ಕೇಳಿದರಾಯಿತು. ರೇಡಿಯೋ ಉತ್ತರದಲ್ಲಿ ಉದ್ದವೇ ಇಲ್ಲ, ಯಾಕೆಂದರೆ ಮುಂದಿನ ಮಾತು ಇನ್ನೂ ಡಾಕ್ಟರ ಬಾಯಿಂದ ಬಂದಿಲ್ಲ. ಹಾಡಿನಲ್ಲಿ ವೇಗ ನಮ್ಮ ಕೈಯಲ್ಲಿ, ರೇಡಿಯೋದಲ್ಲಿ ಕೇಂದ್ರದ ಕೈಯಲ್ಲಿ. 128 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 16,000 ಬೈಟ್ ಬರುತ್ತಲೇ ಇರುತ್ತದೆ, ನಾವು ಕೇಳಲಿ ಬಿಡಲಿ.

ನಾನು ಪಾಝ್ ಮಾಡಿದಾಗ ಪ್ಲೇಯರ್ ಓದುವುದನ್ನೇ ನಿಲ್ಲಿಸುತ್ತಿತ್ತು. ಮೊದಲು ಪೈ ಒಳಗಿನ ನೆಟ್‌ವರ್ಕ್ ಬಫರ್ ತುಂಬುತ್ತದೆ. ಆಮೇಲೆ ಆ ಕಡೆಯದು. ಆಮೇಲೆ ರೇಡಿಯೋ ಕೇಂದ್ರದ ಸ್ಟ್ರೀಮಿಂಗ್ ಸರ್ವರ್ ಐಸ್‌ಕಾಸ್ಟ್ ನನ್ನ ಪಾಲನ್ನು ತನ್ನ ಸಾಲಿನಲ್ಲಿ ಹಿಡಿದಿಡುತ್ತದೆ. ಆ ಸಾಲಿನ ಮಿತಿ `queue-size`, ಡಿಫಾಲ್ಟ್ 524288 ಬೈಟ್. 16,000ದಿಂದ ಭಾಗಿಸಿದರೆ ಸುಮಾರು 33 ಸೆಕೆಂಡ್. ಅದಕ್ಕಿಂತ ಹಿಂದೆ ಬಿದ್ದವನನ್ನು ಸರ್ವರ್ ಹೊರಗೆ ಹಾಕುತ್ತದೆ. 33 ಸೆಕೆಂಡ್, ಜೊತೆಗೆ ಎರಡು ಬದಿಯ ಬಫರ್. ನನ್ನ ಗಡಿಯಾರದ ಲೆಕ್ಕ ಕೂಡಿತು! ಪ್ಲೇ ಒತ್ತಿದ ಮೇಲೆ ಕೇಳಿಸಿದ ಹತ್ತು ಹನ್ನೆರಡು ಸೆಕೆಂಡ್, ಪೈ ಒಳಗೆ ಮೊದಲೇ ಬಂದು ಕೂತಿದ್ದ ತಂಗಳು.

ಪರಿಹಾರ ಹೇಳಲು ಸುಲಭ: ಪಾಝ್ ಆದರೂ ಓದುವುದು ನಿಲ್ಲಿಸಬಾರದು. ಓದುವವನು ಬೇರೆ, ನುಡಿಸುವವನು ಬೇರೆ. ಓದಿದ್ದೆಲ್ಲ ಮೆಮೊರಿಯಲ್ಲಿ ಸುತ್ತುವ ಬಫರಿಗೆ ಬೀಳುತ್ತದೆ. ಅರ್ಧ ಗಂಟೆಗೆ 28.8 ಎಂಬಿ, ಪೈ ಝೀರೋ 2ರ 512 ಎಂಬಿಯಲ್ಲಿ ಇದೇನೂ ಅಲ್ಲ. ಎಸ್‌ಡಿ ಕಾರ್ಡಿಗೆ ಬರೆಯಲಿಲ್ಲ, ದಿನವಿಡೀ ಬರೆದು ಬರೆದು ಅದು ಸವೆದುಹೋಗುತ್ತದೆ. ಅರ್ಧ ಗಂಟೆ ಮೀರಿದರೆ ಹಳೆಯದು ಅಳಿಯುತ್ತದೆ, ಚಿಕ್ಕಮ್ಮನ ಫೋನಿಗೆ ಇಷ್ಟು ಸಾಕು ಅಂದುಕೊಂಡಿದ್ದೇನೆ.

ಇದು ಓಡಿದ ದಿನ ಕುಣಿದಾಡಿದೆ. ಮರುದಿನ ಹೊಸ ಪೀಡೆ: ಡಿಸ್‌ಪ್ಲೇಯಲ್ಲಿ ಒಂದು ಹಾಡಿನ ಹೆಸರು, ಸ್ಪೀಕರಿನಲ್ಲಿ ಇನ್ನೊಂದು. ರೇಡಿಯೋದಲ್ಲಿ ಹೆಸರು ಹಾಡಿನ ಜೊತೆ ಫೈಲಿನೊಳಗೆ ಇರುವುದಿಲ್ಲ, ಸದ್ದಿನ ನಡುವೆ ತುರುಕಿರುತ್ತಾರೆ. ಮೇಲಿನ `icy-metaint:16000` ಅಂದರೆ ಪ್ರತಿ 16,000 ಬೈಟ್ ಸದ್ದಾದ ಮೇಲೆ ಒಂದು ಬೈಟ್ ಬರುತ್ತದೆ. ಅದನ್ನು 16ರಿಂದ ಗುಣಿಸಿದಷ್ಟು ಬೈಟ್ ಹೆಸರಿನದು. ಸೊನ್ನೆ ಬಂದರೆ ಹೆಸರು ಬದಲಾಗಿಲ್ಲ ಅಂತ. ಓದುವವನು ಹೆಸರು ಸಿಕ್ಕ ತಕ್ಷಣ ತೋರಿಸುತ್ತಿದ್ದ. ನುಡಿಸುವವನೋ ಹತ್ತು ನಿಮಿಷ ಹಿಂದೆ. ಈಗ ಹೆಸರಿನ ಜೊತೆ ಅದು ಯಾವ ಬೈಟಿನಲ್ಲಿ ಬಂತು ಅಂತಲೂ ಬರೆದಿಡುತ್ತೇನೆ, ನುಡಿಸುವವನು ಅಲ್ಲಿಗೆ ತಲುಪಿದಾಗ ತೋರಿಸುತ್ತಾನೆ. ಇನ್ನೊಂದು ಹುಷಾರು: ಮತ್ತೆ ಕನೆಕ್ಟ್ ಆದಾಗ 16,000ದ ಎಣಿಕೆ ಸೊನ್ನೆಯಿಂದ ಶುರುವಾಗಬೇಕು. ನಾನು ಮರೆತೆ. ಹೆಸರಿನ ಬೈಟೆಲ್ಲ ಡಿಕೋಡರಿಗೆ ಹೋಗಿ ಸ್ಪೀಕರ್ ಹಲ್ಲಿಯ ಥರ ಲೊಚಗುಟ್ಟಿತು, ಡಿಸ್‌ಪ್ಲೇಯಲ್ಲಿ ಬರೀ ಕಸ.

ನಡುವೆ ಒಂದು ಮಾತು, ಮುಂದಿನ ಪ್ರಾಜೆಕ್ಟ್ ಎಚ್‌ಎಲ್‌ಎಸ್ ರೇಡಿಯೋಗಳು. ಅಲ್ಲಿ ಒಂದೇ ಧಾರೆ ಇಲ್ಲ, ಚೂರು ಚೂರು ಫೈಲು, ಮೇಲೊಂದು ಪಟ್ಟಿ. ಮುಗಿದ ಕಾರ್ಯಕ್ರಮದ ಪಟ್ಟಿಯಾದರೆ ಕೊನೆಗೆ `#EXT-X-ENDLIST` ಇರುತ್ತದೆ. ಲೈವ್ ಆದರೆ ಆ ಸಾಲು ಇಲ್ಲ, ಪಟ್ಟಿಯನ್ನು ಮತ್ತೆ ಮತ್ತೆ ತರುತ್ತಿರಬೇಕು. ಹಳೆಯ ಚೂರುಗಳು ಪಟ್ಟಿಯಿಂದ ಉದುರುತ್ತಾ ಹೋಗುತ್ತವೆ. ಅಲ್ಲಿ ಪಾಝ್ ಬೇರೆಯೇ ರೀತಿ ಸಾಯುತ್ತದೆ. ಅದಕ್ಕೆ ಡಬ್ಬಿಯ ಮೇಲೆ ಇನ್ನೊಂದು ತೂತು ಕೊರೆಯಬೇಕು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಸರಿ, ಹತ್ತು ನಿಮಿಷ ಹಿಂದೆ ಬಿದ್ದ ಅಮ್ಮನನ್ನು ಲೈವ್‌ಗೆ ತರುವುದು ಹೇಗೆ? ಲೈವ್ ಬಟನ್ ಇಟ್ಟೆ. ಮೊದಲು ಬಫರಿನ ತುತ್ತತುದಿಗೇ ಹಾರಿಸಿದೆ. ಕೈಯಲ್ಲಿ ಏನೂ ಉಳಿತಾಯ ಇಲ್ಲದೆ ವೈಫೈ ಸ್ವಲ್ಪ ಕೆಮ್ಮಿದರೂ ತೊದಲುತ್ತಿತ್ತು. ಈಗ ತುದಿಗಿಂತ ನಾಲ್ಕು ಸೆಕೆಂಡ್ ಹಿಂದೆ ನಿಲ್ಲಿಸುತ್ತೇನೆ. ಐಸ್‌ಕಾಸ್ಟ್ ಕೂಡ ಕನೆಕ್ಟ್ ಆದ ಕೂಡಲೇ 65535 ಬೈಟ್ ಒಟ್ಟಿಗೆ ಸುರಿಯುವುದು ಈ ಉಳಿತಾಯಕ್ಕೇ, ಲೆಕ್ಕ ಹಾಕಿದರೆ ಅದೂ ನಾಲ್ಕು ಸೆಕೆಂಡೇ.

ಆದರೆ ಹಾರಿದರೆ ಹತ್ತು ನಿಮಿಷದ ಮಾತು ಹೋಯಿತಲ್ಲ. ಅದಕ್ಕೇ ಜಾಣತನ ಮಾಡಿ 1.05 ವೇಗದಲ್ಲಿ ಓಡಿಸಿ ಹಿಡಿಯೋಣ ಅಂದುಕೊಂಡೆ. ಹತ್ತು ನಿಮಿಷ ಸರಿದೂಗಿಸಲು 200 ನಿಮಿಷ ಬೇಕು, ಅಷ್ಟರಲ್ಲಿ ಚಿಕ್ಕಮ್ಮ ಮತ್ತೆ ಫೋನ್ ಮಾಡಿರುತ್ತಾಳೆ. ಆದರೂ ಸುಮ್ನೆ ಬಿಟ್ಟು ನೋಡಿದೆ. ಮಾತಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಸಂಗೀತ ಶುರುವಾಯಿತು. ನಾನು ಸುಮ್ಮನೆ ವೇಗ ಏರಿಸಿದ್ದರಿಂದ ಶ್ರುತಿಯೂ ಏರಿತ್ತು, ಹತ್ತಿರಹತ್ತಿರ ಅರ್ಧ ಮನೆಯಷ್ಟು.

ಅಮ್ಮ ತಂಬೂರಿ ಹಿಡಿದು ಕಲಿತವಳು. ಒಗ್ಗರಣೆ ಸೌಟು ಕೈಯಲ್ಲೇ ಇತ್ತು. "ಇವ್ರು ಯಾವಾಗ್ಲೂ ಇಷ್ಟು ಮೇಲೆ ಹಾಡಲ್ವಲ್ಲೋ, ಏನು ಮಾಡಿದೀಯ?" ಅಂದಳು. ಆ ಕೋಡು ಕಾಮೆಂಟ್ ಆಗಿ ಮಲಗಿದೆ. ಲೈವ್ ಬಟನ್ ಉಳಿದಿದೆ. PAM8403 ಯಾರಿಗಾದರೂ ಬೇಕಾ?